ಜಾಹೀರಾತು ನಿಲ್ಲಿಸಿದರೆ ಮಾರಾಟ ನಿಜಕ್ಕೂ ಇಳಿಯುತ್ತದೆಯೇ? ಮೂರು ಪರೀಕ್ಷೆಗಳ ಹೋಲಿಕೆ

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಕಟ್ಟುವ ಕೆಲಸವನ್ನು, ಫೇಸ್‌ಬುಕ್‌ನಂಥ ಸಾಮಾಜಿಕ ಜಾಲತಾಣಗಳು ಜಾಹೀರಾತಿನ ಫಲ ತೋರಿಸುವ ಪುಟ, ಅಂದರೆ ಡ್ಯಾಶ್‌ಬೋರ್ಡ್, ದಿನವೂ ಮಾಡುತ್ತದೆ. ಜಾಹೀರಾತನ್ನು ಕ್ಲಿಕ್ ಮಾಡಿದವರು ವಾರದೊಳಗೆ ಏನಾದರೂ ಕೊಂಡರೆ ಆ ಆರ್ಡರ್ ಜಾಹೀರಾತಿನ ಲೆಕ್ಕಕ್ಕೆ ಸೇರುತ್ತದೆ. ಬರೀ ಕಣ್ಣಿಗೆ ಬಿದ್ದು ಮರುದಿನ ಕೊಂಡರೂ ಸೇರುವುದುಂಟು. ಆದರೆ ಕೊಳ್ಳುವ ಮನಸ್ಸಿದ್ದವರನ್ನು ಹುಡುಕಿ ಅವರಿಗೇ ಜಾಹೀರಾತು ತೋರಿಸುವುದು ಈ ಜಾಲತಾಣಗಳ ಕಸುಬು. ಜಾಹೀರಾತು ಕಾಣದಿದ್ದರೂ ಅವರಲ್ಲಿ ಎಷ್ಟೋ ಮಂದಿ ಕೊಳ್ಳುತ್ತಿದ್ದರು. ಆ ಎಷ್ಟೋ ಮಂದಿ ಅಂದರೆ ಎಷ್ಟು ಎಂಬುದನ್ನು ಡ್ಯಾಶ್‌ಬೋರ್ಡ್ ಹೇಳಲಾರದು. ಒಂದಷ್ಟು ಜನರಿಗೆ, ಒಂದಷ್ಟು ಪ್ರದೇಶಕ್ಕೆ ಅಥವಾ ಒಂದಷ್ಟು ಕಾಲ ಜಾಹೀರಾತು ತೋರಿಸದೆ ಇದ್ದು ನೋಡಿದರೆ ಮಾತ್ರ ಅದು ತಿಳಿಯುತ್ತದೆ.

ಹಾಗೆ ನೋಡುವ ದಾರಿಗಳು ಮೂರು. ಒಂದು, ಕೆಲವು ವಾರ ಜಾಹೀರಾತನ್ನು ಪೂರ್ತಿ ನಿಲ್ಲಿಸುವುದು. ಎರಡು, ಯಾದೃಚ್ಛಿಕವಾಗಿ ಆರಿಸಿದ ಜನರ ಒಂದು ಗುಂಪಿಗೆ ತೋರಿಸದೆ ಇರುವುದು. ಇದನ್ನು ಹೋಲ್ಡೌಟ್ ಎನ್ನುತ್ತಾರೆ. ಮೂರು, ಕೆಲವು ಪ್ರದೇಶಗಳಲ್ಲಿ ಮಾತ್ರ ನಿಲ್ಲಿಸುವುದು. ಮೂರೂ ಕೇಳುವ ಪ್ರಶ್ನೆ ಒಂದೇ, ಆದರೆ ಕೊಡುವ ಉತ್ತರದ ನಿಖರತೆ ಬೇರೆ, ಕೆಡುವ ರೀತಿಯೂ ಬೇರೆ. ವ್ಯತ್ಯಾಸ ಸ್ಪಷ್ಟವಾಗಲೆಂದು ಒಬ್ಬ ಕಾಲ್ಪನಿಕ ಮಾರಾಟಗಾರರನ್ನೇ ಮೂರು ಪರೀಕ್ಷೆಗಳಿಗೂ ಒಡ್ಡೋಣ.

ಮೊದಲು ಪ್ರಶ್ನೆಗೊಂದು ಅಂಕಿ ಕೊಡಿ

ಈ ಮಾರಾಟಗಾರರಿಗೆ ವಾರಕ್ಕೆ ಸರಾಸರಿ 700 ಆರ್ಡರ್ ಬರುತ್ತವೆ. ಅದರಲ್ಲಿ 210 ತನ್ನಿಂದ ಬಂದವು ಎಂದು ಜಾಲತಾಣದ ಡ್ಯಾಶ್‌ಬೋರ್ಡ್ ಹೇಳುತ್ತದೆ. ಜಾಹೀರಾತಿನ ವಾರದ ಖರ್ಚನ್ನು ಒಂದು ಆರ್ಡರಿನ ಲಾಭದಿಂದ ಭಾಗಿಸಿದರೆ 84 ಬರುತ್ತದೆ. ಅಂದರೆ ಜಾಹೀರಾತು ಇಲ್ಲದಿದ್ದರೆ ಬಾರದೇ ಇರುತ್ತಿದ್ದ ಆರ್ಡರುಗಳು ವಾರಕ್ಕೆ 84 ಇದ್ದರೆ ಹಾಕಿದ ಹಣ ಹಿಂದಕ್ಕೆ ಬಂತು, ಅದಕ್ಕಿಂತ ಕಡಿಮೆ ಇದ್ದರೆ ನಷ್ಟ. ಇಲ್ಲಿ ಲಾಭ ಎಂದರೆ ಸರಕಿನ ಬೆಲೆ, ಪ್ಯಾಕಿಂಗ್, ಸಾಗಣೆ, ಪಾವತಿ ಶುಲ್ಕ ಮತ್ತು ಹಿಂದಿರುಗುವ ಮಾಲಿನ ಹೊರೆ ಎಲ್ಲ ಕಳೆದು ಉಳಿದದ್ದು. ಮಾರಾಟದ ಬೆಲೆಯನ್ನೇ ಲಾಭವೆಂದು ಹಿಡಿದರೆ ಮುಂದಿನ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಲಸಿದಂತೆ.

ಈ 84 ಎಂಬ ಅಂಕಿ ಯಾಕೆ ಮುಖ್ಯವೆಂದರೆ, ಪರೀಕ್ಷೆ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ. 700ರಲ್ಲಿ 84 ಎಂದರೆ ಶೇ 12. ಒಟ್ಟು ಮಾರಾಟದಲ್ಲಿ ಶೇ 12ರ ಬದಲಾವಣೆಯನ್ನು ಗುರುತಿಸಲಾಗದ ಪರೀಕ್ಷೆಯಿಂದ ಈ ಮಾರಾಟಗಾರರಿಗೆ ಉಪಯೋಗವಿಲ್ಲ. ನಿಮ್ಮ ಅಂಕಿ ಶೇ 3 ಎಂದು ಬಂದರೆ, ಅಂದರೆ ಜಾಹೀರಾತಿನ ಖರ್ಚು ಮಾರಾಟದ ಎದುರು ತೀರಾ ಸಣ್ಣದಾದರೆ, ಕೆಳಗಿನ ಮೂರರಲ್ಲಿ ಎರಡನ್ನು ಈಗಲೇ ಕೈಬಿಡಬಹುದು. ಜನರ ಹೋಲ್ಡೌಟ್ ಒಂದೇ ಉಳಿಯುತ್ತದೆ. ಅದಕ್ಕೂ ಆರ್ಡರುಗಳ ಸಂಖ್ಯೆ ದೊಡ್ಡದಿರಬೇಕು.

ಪೂರ್ತಿ ನಿಲ್ಲಿಸಿ ನೋಡುವುದು

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು, ಯಾಕೆಂದರೆ ಇದಕ್ಕೆ ಬೇಕಾದದ್ದು ಒಂದು ಬಟನ್ ಮಾತ್ರ. ಎರಡು ವಾರ ನಿಲ್ಲಿಸಿ, ಹಿಂದಿನ ನಾಲ್ಕು ವಾರಗಳ ಸರಾಸರಿಯೊಡನೆ ಹೋಲಿಸಿ ನೋಡುತ್ತಾರೆ. ತೊಡಕೆಂದರೆ, ಜಾಹೀರಾತು ಹಾಗೇ ಇದ್ದಾಗಲೂ ವಾರದಿಂದ ವಾರಕ್ಕೆ ಮಾರಾಟ ತನ್ನಷ್ಟಕ್ಕೆ ಏರಿಳಿಯುತ್ತಿರುತ್ತದೆ. ಈ ಏರಿಳಿತ ಎಷ್ಟೆಂದು ನಿಮ್ಮ ಹಳೆಯ ಲೆಕ್ಕದಲ್ಲೇ ಇದೆ. ರಿಯಾಯಿತಿ ಕೊಟ್ಟ ವಾರಗಳನ್ನೂ ದೊಡ್ಡ ರಜೆಯ ವಾರಗಳನ್ನೂ ಬಿಟ್ಟು, ಹಿಂದಿನ 26 ವಾರಗಳ ಆರ್ಡರ್ ಸಂಖ್ಯೆಗೆ ಮಾನಕ ವಿಚಲನೆ, ಅಂದರೆ ವಾರದ ಸಂಖ್ಯೆ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತದೆ ಎಂಬ ಅಳತೆ, ತೆಗೆಯಿರಿ. ಸ್ಪ್ರೆಡ್‌ಶೀಟಿನಲ್ಲಿ ಅದು `STDEV` ಎಂಬ ಒಂದೇ ಸೂತ್ರ.

ನಮ್ಮ ಮಾರಾಟಗಾರರಿಗೆ ಅದು 56 ಬಂತೆನ್ನಿ, ಸರಾಸರಿಯ ಶೇ 8. ಎರಡು ವಾರ ಜಾಹೀರಾತು ಇಲ್ಲದೆ, ನಾಲ್ಕು ವಾರ ಇದ್ದು ಹೋಲಿಸಿದರೆ ವ್ಯತ್ಯಾಸದ ಅನಿಶ್ಚಿತತೆ ಕೆಳಗಿನಂತೆ. ಇಲ್ಲಿ SE ಎಂದರೆ ವ್ಯತ್ಯಾಸದ ಮಾನಕ ದೋಷ, ಅದರ 1.96 ಪಟ್ಟನ್ನು ಅತ್ತಿತ್ತ ಬಿಟ್ಟರೆ ಸಿಗುವ ಅಂತರದೊಳಗೆ ನಿಜವಾದ ಉತ್ತರ ನೂರಕ್ಕೆ 95 ಸಲ ಇರುತ್ತದೆ:

```
SE = 56 * sqrt(1/2 + 1/4) = 48.5
1.96 * SE = 95
```

ಅಂದರೆ ವಾರಕ್ಕೆ 60 ಆರ್ಡರ್ ಇಳಿಯಿತೆಂದು ಕಂಡರೆ, ನಿಜವಾದ ಇಳಿಕೆ 155 ಇರಬಹುದು, ಇಳಿಕೆಯೇ ಇಲ್ಲದೆಯೂ ಇರಬಹುದು. ನಮಗೆ ಬೇಕಿದ್ದದ್ದು 84ರ ಆಚೆಯೋ ಈಚೆಯೋ ಎಂಬುದು. ಆ ಪ್ರಶ್ನೆಗೆ ಈ ಪರೀಕ್ಷೆ ಉತ್ತರ ಕೊಡುವುದೇ ಇಲ್ಲ. ನಾಲ್ಕು ವಾರ ನಿಲ್ಲಿಸಿ ಎಂಟು ವಾರದೊಡನೆ ಹೋಲಿಸಿದರೆ ಅಂತರ 67ಕ್ಕೆ ಇಳಿಯುತ್ತದೆ. ಕೆಲವೇ ವಾರಗಳ ಲೆಕ್ಕವಾದ್ದರಿಂದ ನಿಜವಾದ ಅಂತರ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಆಗ ಒಂದು ಉಪಯುಕ್ತ ವಿಷಯ ಮಾತ್ರ ತಿಳಿಯಬಹುದು: 210 ಆರ್ಡರ್ ತಂದೆ ಎಂಬ ಡ್ಯಾಶ್‌ಬೋರ್ಡಿನ ಮಾತು ಪೂರ್ತಿ ನಿಜವೋ ಅಲ್ಲವೋ ಎಂಬುದು. ನಿಲುಗಡೆಯ ಪರೀಕ್ಷೆ ದೊಡ್ಡ ಸುಳ್ಳನ್ನು ಹಿಡಿಯುತ್ತದೆ, ಸಣ್ಣ ನಿಜವನ್ನು ಅಳೆಯಲಾರದು.

ಎರಡನೆಯ ತೊಡಕು ಹಿಂದಿನ ಜಾಹೀರಾತಿನ ಉಳಿಕೆ. ಭಾನುವಾರ ನಿಲ್ಲಿಸಿದರೂ ಶನಿವಾರ ನೋಡಿದವರು ಬುಧವಾರ ಕೊಳ್ಳುತ್ತಾರೆ. ಮೊದಲ ವಾರ ಮಾರಾಟ ಇಳಿಯದಿದ್ದುದನ್ನು ಕಂಡು ಜಾಹೀರಾತು ದಂಡ ಎಂದು ಘೋಷಿಸಿದವರು, ಮೂರನೆಯ ವಾರದ ಹೊತ್ತಿಗೆ ಕಂಗಾಲಾಗುವುದು ಇದರಿಂದಲೇ. ಮೊದಲ ಕ್ಲಿಕ್ಕಿನಿಂದ ಆರ್ಡರಿನವರೆಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ನಿಮ್ಮ ಲೆಕ್ಕದಿಂದ ತೆಗೆದು, ಹತ್ತರಲ್ಲಿ ಒಂಬತ್ತು ಆರ್ಡರುಗಳು ಮುಗಿಯುವಷ್ಟು ದಿನಗಳನ್ನು ಹೋಲಿಕೆಯಿಂದ ಬಿಡಿ. ಸಣ್ಣ ವಸ್ತುಗಳಿಗೆ ಅದು ಐದಾರು ದಿನವಾದೀತು. ಯೋಚಿಸಿ ಕೊಳ್ಳುವ ದೊಡ್ಡ ವಸ್ತುಗಳಿಗೆ ತಿಂಗಳೂ ಆದೀತು, ಆಗ ಈ ದಾರಿಯೇ ಮುಚ್ಚಿದಂತೆ.

ಮತ್ತೆ ಶುರುಮಾಡುವಾಗಲೂ ಒಂದು ತೆರಿಗೆ ಇದೆ. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದಲ್ಲಿ ಒಂದು ಆ್ಯಡ್ ಸೆಟ್ಟನ್ನು, ಅಂದರೆ ಒಟ್ಟಿಗೆ ನಡೆಯುವ ಜಾಹೀರಾತುಗಳ ಗುಂಪನ್ನು, ಏಳು ದಿನ ಅಥವಾ ಹೆಚ್ಚು ನಿಲ್ಲಿಸಿದರೆ ಅದು ಯಾರಿಗೆ ತೋರಿಸಿದರೆ ಫಲ ಎಂದು ಹುಡುಕುವ ಕಲಿಕೆಯ ಹಂತಕ್ಕೆ ಮತ್ತೆ ಹೋಗುತ್ತದೆ. ವಾರಕ್ಕೆ ಸುಮಾರು 50 ಫಲಿತಾಂಶ ಕಂಡ ಮೇಲೆಯೇ ಅದು ಸ್ಥಿರವಾಗುವುದು. ಆ ದಿನಗಳ ಮಂದ ಮಾರಾಟವನ್ನು ಜಾಹೀರಾತು ಇದ್ದ ದಿನಗಳ ಲೆಕ್ಕಕ್ಕೆ ಸೇರಿಸಿದರೆ ಜಾಹೀರಾತಿನ ಪರಿಣಾಮ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ನಿಲ್ಲಿಸಲೇಬೇಕೆಂದಿದ್ದರೆ, ಒಂದೇ ಸಲ ನಿಲ್ಲಿಸುವ ಬದಲು ಎರಡೆರಡು ವಾರಗಳ ತುಂಡುಗಳನ್ನು ಮಾಡಿ, ಯಾವ ತುಂಡಿನಲ್ಲಿ ಜಾಹೀರಾತು ಇರಬೇಕು, ಯಾವುದರಲ್ಲಿ ಬೇಡ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ‘ಮಾರಾಟ ಹೇಗೂ ಮಂಕಾಗಿದೆ, ಈಗ ನಿಲ್ಲಿಸಿ ನೋಡೋಣ’ ಎಂದು ಹೊರಟರೆ ಉತ್ತರ ಮೊದಲೇ ಬರೆದಿಟ್ಟಂತೆ. ಪ್ರತಿ ತುಂಡಿನ ಮೊದಲ ಕೆಲವು ದಿನಗಳನ್ನು ಲೆಕ್ಕದಿಂದ ಬಿಡಬೇಕು ಎಂಬ ಮಾತು ಇಲ್ಲೂ ಅನ್ವಯಿಸುತ್ತದೆ.

ಹೋಲಿಕೆಗೆ ಪಕ್ಕದಲ್ಲೇ ಇನ್ನೊಂದು ಸಾಲು ಇದ್ದರೆ ನಿಲುಗಡೆಯೂ ಗಟ್ಟಿ ಪರೀಕ್ಷೆಯಾಗಬಲ್ಲದು. 2012ರಲ್ಲಿ ಇಬೇ ಕಂಪನಿ ತನ್ನದೇ ಹೆಸರಿನ ಹುಡುಕಾಟಕ್ಕೆ ಕೊಡುತ್ತಿದ್ದ ಜಾಹೀರಾತನ್ನು ಯಾಹೂ ಮತ್ತು ಮೈಕ್ರೋಸಾಫ್ಟ್ ಹುಡುಕುತಾಣಗಳಲ್ಲಿ ನಿಲ್ಲಿಸಿ, ಗೂಗಲ್‌ನಲ್ಲಿ ಮುಂದುವರಿಸಿತು. ಕಳೆದುಕೊಂಡ ಕ್ಲಿಕ್ಕುಗಳಲ್ಲಿ ಶೇ 99.5ರಷ್ಟು ಹಣ ಕೊಡಬೇಕಿಲ್ಲದ ಕೊಂಡಿಗಳ ಮೂಲಕವೇ ಬಂದವು. ಅದು ಹುಡುಕಾಟದ ಜಾಹೀರಾತು, ಸಾಮಾಜಿಕ ಜಾಲತಾಣದ್ದಲ್ಲ. ಅಲ್ಲಿನ ಅಂಕಿಯನ್ನು ಇಲ್ಲಿಗೆ ತರಬೇಡಿ. ಕಲಿಯಬೇಕಾದದ್ದು ನಿಲ್ಲಿಸಿದ ಕಡೆಯ ಪಕ್ಕದಲ್ಲಿ ನಿಲ್ಲಿಸದ ಕಡೆಯನ್ನೂ ಇಟ್ಟುಕೊಂಡ ಬಗೆಯನ್ನು.

ಜನರನ್ನು ವಿಂಗಡಿಸುವ ಹೋಲ್ಡೌಟ್

ಇಲ್ಲಿ ಎರಡು ಗುಂಪುಗಳೂ ಒಂದೇ ವಾರಗಳಲ್ಲಿ ಬದುಕುತ್ತಿರುತ್ತವೆ. ರಜೆ, ಮಳೆ, ಪ್ರತಿಸ್ಪರ್ಧಿಯ ರಿಯಾಯಿತಿ ಎಲ್ಲವೂ ಇಬ್ಬರಿಗೂ ಒಂದೇ ಸಮ. ಹೀಗಾಗಿ ವಾರದ ಏರಿಳಿತ ಅಳತೆಯಿಂದ ಹೊರಬೀಳುತ್ತದೆ, ಎಣಿಕೆಯ ಅದೃಷ್ಟವೊಂದೇ ಉಳಿಯುತ್ತದೆ.

ಇದರಲ್ಲಿ ಎರಡು ಬಗೆ. ದೊಡ್ಡ ಜಾಲತಾಣಗಳಲ್ಲಿ ಕನ್ವರ್ಶನ್ ಲಿಫ್ಟ್ ಎಂಬ ಹೆಸರಿನ ಪರೀಕ್ಷೆ ಇರುತ್ತದೆ. ಅಲ್ಲಿ ಜಾಲತಾಣವೇ ತನ್ನ ಬಳಕೆದಾರರನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡುತ್ತದೆ. ಹೋಲ್ಡೌಟಿನಲ್ಲಿರುವ ಒಬ್ಬರಿಗೆ ನಿಮ್ಮ ಜಾಹೀರಾತು ತೋರಿಸುವ ಅವಕಾಶ ಬಂದ ಕ್ಷಣವನ್ನು ದಾಖಲಿಸಿಕೊಂಡು ಬೇರೆಯವರ ಜಾಹೀರಾತು ತೋರಿಸುತ್ತದೆ. ಇದರಿಂದ ಎರಡೂ ಕಡೆ ‘ಜಾಹೀರಾತು ತಲುಪಬಹುದಿದ್ದವರು’ ಮಾತ್ರ ಹೋಲಿಕೆಗೆ ಬರುತ್ತಾರೆ. ಇದನ್ನು ಮಾಮೂಲಿ ಎ/ಬಿ ಪರೀಕ್ಷೆ ಎಂದುಕೊಳ್ಳಬೇಡಿ. ಎ/ಬಿಯಲ್ಲಿ ಎರಡೂ ಗುಂಪು ಜಾಹೀರಾತು ನೋಡುತ್ತವೆ. ಯಾವುದು ಮೇಲು ಎಂದು ಗೊತ್ತಾದೀತೇ ಹೊರತು, ಎರಡೂ ದಂಡವೇ ಎಂಬುದು ಗೊತ್ತಾಗದು.

ಎರಡನೆಯ ಬಗೆ ನಿಮ್ಮದೇ ಗ್ರಾಹಕರ ಪಟ್ಟಿಯನ್ನು ನೀವೇ ವಿಂಗಡಿಸಿ, ಒಂದು ಪಾಲನ್ನು ಹೊರಗಿಡುವ ಪಟ್ಟಿಯಾಗಿ ಜಾಲತಾಣಕ್ಕೆ ಏರಿಸುವುದು. ಇದು ಹಳೆಯ ಗ್ರಾಹಕರನ್ನು ಮತ್ತೆ ಕರೆಯುವ ರಿಟಾರ್ಗೆಟಿಂಗ್ ಜಾಹೀರಾತಿಗೆ ಹೇಳಿಮಾಡಿಸಿದಂತಿದೆ. ಹೊಸಬರನ್ನು ಹುಡುಕುವ ಜಾಹೀರಾತಿಗೆ ಬರುವುದಿಲ್ಲ, ಹೊಸಬರ ಹೆಸರು ನಿಮ್ಮಲ್ಲಿ ಇರುವುದೇ ಇಲ್ಲವಲ್ಲ. ವಿಂಗಡಣೆಗೆ ಗ್ರಾಹಕ ಸಂಖ್ಯೆಯ ಕೊನೆಯ ಅಂಕಿಯನ್ನು ನಂಬಬೇಡಿ. ಹಿಂದೊಮ್ಮೆ ಯಾರೋ ಅದೇ ಅಂಕಿಯ ಮೇಲೆ ಕೂಪನ್ ಹಂಚಿರುತ್ತಾರೆ. ಗ್ರಾಹಕ ಸಂಖ್ಯೆಗೆ ಪರೀಕ್ಷೆಯ ಹೆಸರನ್ನು ಸೇರಿಸಿ ಹ್ಯಾಶ್ ಮಾಡಿದರೆ, ಅಂದರೆ ಒಂದು ಸೂತ್ರದಿಂದ ಊಹಿಸಲಾಗದ ಸಂಖ್ಯೆಯಾಗಿ ಬದಲಿಸಿದರೆ, ಪ್ರತಿ ಪರೀಕ್ಷೆಗೂ ಹೊಸ ವಿಂಗಡಣೆ ಸಿಗುತ್ತದೆ, ಅದೇ ಗ್ರಾಹಕರು ಪರೀಕ್ಷೆಯುದ್ದಕ್ಕೂ ಅದೇ ಗುಂಪಿನಲ್ಲೇ ಉಳಿಯುತ್ತಾರೆ:

```python
import hashlib

def group(cid):
    s = ("lift1:" + cid).encode()
    n = int(hashlib.sha256(s).hexdigest()[:8], 16)
    return "holdout" if n % 100 < 30 else "test"
```

ಹೋಲ್ಡೌಟ್ ಎಷ್ಟು ದೊಡ್ಡದಿರಬೇಕು? ಬಹುಪಾಲು ಪರೀಕ್ಷೆಗಳು ಕೆಡುವುದು ಈ ಒಂದು ತೀರ್ಮಾನದಲ್ಲಿ. ಮಾರಾಟ ತಪ್ಪೀತೆಂಬ ಅಂಜಿಕೆಯಿಂದ ಶೇ 10 ಅಥವಾ 5 ಇಡುತ್ತಾರೆ. ನಮ್ಮ ಮಾರಾಟಗಾರರ ಜಾಹೀರಾತು ನಾಲ್ಕು ವಾರಗಳಲ್ಲಿ 4,00,000 ಜನರನ್ನು ತಲುಪಬಲ್ಲದು ಎನ್ನಿ. ಶೇ 10ರ ಹೋಲ್ಡೌಟ್ ಎಂದರೆ 40,000 ಜನ. ಅವರಲ್ಲಿ 124 ಮಂದಿ ಕೊಂಡರು. ಜಾಹೀರಾತು ಕಂಡ ಪಾಲಿನ 3,60,000 ಜನರಲ್ಲಿ 1,440 ಮಂದಿ ಕೊಂಡರು. ಆ ಪಾಲು ಒಂಬತ್ತು ಪಟ್ಟು ದೊಡ್ಡದಾದ್ದರಿಂದ 124ನ್ನು 9ರಿಂದ ಗುಣಿಸಿ ಕಳೆಯಬೇಕು:

```
extra = 1440 - 9*124 = 324
SE    = sqrt(1440 + 9*9*124) = 107
1.96 * SE = 210
```

ಇದನ್ನು ಪೂರ್ತಿ 4,00,000 ಜನರಿಗೆ ಹಿಗ್ಗಿಸಿದರೆ (0.9ರಿಂದ ಭಾಗಿಸಿದರೆ) ನಾಲ್ಕು ವಾರಕ್ಕೆ 360 ಹೆಚ್ಚುವರಿ ಆರ್ಡರ್, ಅತ್ತಿತ್ತ 233. ಅಂದರೆ 127ರಿಂದ 593. ಡ್ಯಾಶ್‌ಬೋರ್ಡ್ ಹೇಳಿದ್ದು ನಾಲ್ಕು ವಾರಕ್ಕೆ 840, ಅದು ಸುಳ್ಳೆಂದು ಖಚಿತವಾಯಿತು. ಜಾಹೀರಾತಿಗೆ ಏನೋ ಪರಿಣಾಮ ಇದೆ ಎಂಬುದೂ ಖಚಿತ. ಆದರೆ ವಾರಕ್ಕೆ 84ರಂತೆ ಹಣ ಹಿಂದಿರುಗಿಸುವ ಗೆರೆ 336 ಈ ಅಂತರದ ನಡುವೆಯೇ ಬಿದ್ದಿದೆ.

ಸೂತ್ರದಲ್ಲಿ 9*9*124 ಎಂಬ ಭಾಗವನ್ನು ಗಮನಿಸಿ. ಅನಿಶ್ಚಿತತೆಯ ಬಹುಪಾಲು ಬರುತ್ತಿರುವುದು ಆ ಸಣ್ಣ ಗುಂಪಿನಿಂದ. ಹೋಲ್ಡೌಟನ್ನು ಶೇ 30 ಮಾಡಿದರೆ, ಕೊಳ್ಳುವ ದರ ಅದೇ ಇದ್ದಲ್ಲಿ, 1,20,000 ಜನರಲ್ಲಿ 372 ಮಂದಿಯೂ ಉಳಿದ 2,80,000 ಜನರಲ್ಲಿ 1,120 ಮಂದಿಯೂ ಕೊಳ್ಳುತ್ತಾರೆ. ಹಿಗ್ಗಿಸಿದ ಉತ್ತರ ಅದೇ 360, ಅಂತರ ಮಾತ್ರ 157ಕ್ಕೆ ಇಳಿಯುತ್ತದೆ. ಇನ್ನೂ ಮುಂದೆ ಹೋಗಿ ಅರ್ಧಕ್ಕರ್ಧ ಮಾಡಿದರೆ 148, ಅಂದರೆ ಮತ್ತೆ ಸಿಕ್ಕಿದ್ದು ಬರೀ 9. ಹತ್ತರಿಂದ ಮೂವತ್ತಕ್ಕೆ ಹೋಗುವುದು ದುಡ್ಡಿಗೆ ತಕ್ಕ ಕೆಲಸ, ಮೂವತ್ತರಿಂದ ಐವತ್ತಕ್ಕೆ ಹೋಗುವುದು ಅಲ್ಲ. ಸಣ್ಣ ಹೋಲ್ಡೌಟನ್ನು ಬಹುಕಾಲ ಇಡುವುದಕ್ಕಿಂತ ದೊಡ್ಡದನ್ನು ಸ್ವಲ್ಪ ಕಾಲ ಇಡುವುದು ವಾಸಿ. ಕಾಲ ಉದ್ದವಾದಷ್ಟೂ ಜನ ಫೋನ್ ಬದಲಿಸುತ್ತಾರೆ, ಗುಂಪುಗಳು ಕಲಬೆರಕೆಯಾಗುತ್ತವೆ.

ಈ ಸೂತ್ರ ಪ್ರತಿ ಖರೀದಿಯೂ ಬೇರೆ ಬೇರೆ ವ್ಯಕ್ತಿಯದು ಎಂದು ನಂಬುತ್ತದೆ. ಆದ್ದರಿಂದ ಆರ್ಡರುಗಳ ಬದಲು ಕೊಂಡವರನ್ನು ಎಣಿಸಿ. ಹಣದ ಮೊತ್ತವನ್ನು ಹೋಲಿಸಹೋದರೆ ಅಂತರ ಇನ್ನೂ ಹಿಗ್ಗುತ್ತದೆ, ಒಬ್ಬರ ದೊಡ್ಡ ಆರ್ಡರ್ ಇಡೀ ಗುಂಪನ್ನು ಎತ್ತಿಬಿಡಬಲ್ಲದು. ರ್‍ಯಾಂಡಲ್ ಲೂಯಿಸ್ ಮತ್ತು ಜಸ್ಟಿನ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ದೊಡ್ಡ ಕಂಪನಿಗಳ 25 ಜಾಹೀರಾತು ಪ್ರಯೋಗಗಳನ್ನು ಒಟ್ಟಿಗೆ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಇದೇ. ಒಬ್ಬೊಬ್ಬರ ಖರೀದಿ ಮೊತ್ತದ ಏರಿಳಿತ ಸರಾಸರಿಗಿಂತ ಎಷ್ಟೋ ಪಟ್ಟು ದೊಡ್ಡದಾದ್ದರಿಂದ, ಲಕ್ಷಗಟ್ಟಲೆ ಜನರಿದ್ದರೂ ಲಾಭದ ಅಳತೆ ಮಸುಕಾಗಿಯೇ ಉಳಿಯಿತು.

ಇನ್ನು ಕೆಡುವ ಬಗೆಗಳು. ಅತಿ ಸಾಮಾನ್ಯವಾದ ತಪ್ಪು ಲೆಕ್ಕ ಹಾಕುವಾಗ ನಡೆಯುತ್ತದೆ: ಟೆಸ್ಟ್ ಗುಂಪಿನಲ್ಲಿ ಜಾಹೀರಾತು ನಿಜವಾಗಿ ನೋಡಿದವರನ್ನು ಮಾತ್ರ ಆಯ್ದು, ಹೋಲ್ಡೌಟಿನ ಎಲ್ಲರೊಡನೆ ಹೋಲಿಸುವುದು. ನೋಡಿದವರು ಎಂದರೆ ಜಾಲತಾಣವೇ ಆರಿಸಿದ, ಕೊಳ್ಳುವ ಲಕ್ಷಣವಿದ್ದ ಮಂದಿ. ಯಾದೃಚ್ಛಿಕ ವಿಂಗಡಣೆಯಿಂದ ಗಳಿಸಿದ್ದೆಲ್ಲ ಅಲ್ಲಿಗೆ ನೀರುಪಾಲು. ನಿಮ್ಮದೇ ಪಟ್ಟಿಯ ಪರೀಕ್ಷೆಯಲ್ಲಿ ನೋಡಿದವರೂ ನೋಡದವರೂ ಸೇರಿ ಗುಂಪಿನ ಎಲ್ಲರನ್ನೂ ಎಣಿಸಬೇಕು. ಜಾಲತಾಣಕ್ಕೆ ಗುರುತು ಸಿಗದ ಹೆಸರುಗಳು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇರುತ್ತವೆ, ಅವು ಉತ್ತರವನ್ನು ತೆಳುವಾಗಿಸಿದರೂ ಓರೆಯಾಗಿಸುವುದಿಲ್ಲ.

ಸೋರಿಕೆ ಇನ್ನೊಂದು. ಹೊರಗಿಡುವ ಪಟ್ಟಿಯನ್ನು ರಿಟಾರ್ಗೆಟಿಂಗ್ ಕ್ಯಾಂಪೇನಿಗೆ ಮಾತ್ರ ಹಾಕಿ ಉಳಿದವಕ್ಕೆ ಮರೆತರೆ, ಅದೇ ಜನರಿಗೆ ಬೇರೆ ಕ್ಯಾಂಪೇನಿನಿಂದ ಜಾಹೀರಾತು ಕಾಣುತ್ತಲೇ ಇರುತ್ತದೆ. ಫಲಿತಾಂಶ ಸೊನ್ನೆಯ ಹತ್ತಿರ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ಮೂರನೆಯದು ಬಜೆಟ್. ಶೇ 30 ಜನರನ್ನು ಹೊರಗಿಟ್ಟು ಬಜೆಟ್ ಹಾಗೆಯೇ ಬಿಟ್ಟರೆ, ಉಳಿದವರಿಗೆ ಅದೇ ಜಾಹೀರಾತು ಹೆಚ್ಚು ಸಲ ಕಾಣುತ್ತದೆ. ಆಗ ಅಳೆಯುತ್ತಿರುವುದು ನಿಮ್ಮ ಮಾಮೂಲಿ ಜಾಹೀರಾತನ್ನಲ್ಲ. ಬಜೆಟ್ಟನ್ನೂ ಶೇ 30 ಇಳಿಸಿ.

ಜಾಲತಾಣವೇ ನಡೆಸುವ ಪರೀಕ್ಷೆಯ ಮಿತಿ ಬೇರೆ. ವಿಂಗಡಣೆ ಚೊಕ್ಕಟವಾಗಿರುತ್ತದೆ, ಆದರೆ ಖರೀದಿಯನ್ನು ಅದು ಪಿಕ್ಸೆಲ್ ಎಂಬ, ನಿಮ್ಮ ತಾಣದಲ್ಲಿ ಕೂತು ಖರೀದಿಯ ಸುದ್ದಿ ಕಳಿಸುವ ಕೋಡಿನ ತುಣುಕು ಅಥವಾ ನೀವು ಸರ್ವರಿನಿಂದ ಕಳಿಸುವ ಮಾಹಿತಿಯ ಮೂಲಕ ಮಾತ್ರ ಕಾಣುತ್ತದೆ. 2021ರ ಏಪ್ರಿಲ್‌ನಲ್ಲಿ ಐಫೋನ್ ತಂತ್ರಾಂಶ ಐಒಎಸ್ 14.5ರ ಜೊತೆ, ಬಳಕೆದಾರರ ಜಾಡು ಹಿಡಿಯಲು ಆ್ಯಪ್‌ಗಳು ಅವರ ಅನುಮತಿ ಕೇಳುವ ನಿಯಮವನ್ನು ಆ್ಯಪಲ್ ಕಡ್ಡಾಯ ಮಾಡಿದ ಮೇಲೆ, ಕೊಂಡವರನ್ನು ಜಾಲತಾಣದ ಖಾತೆಗೆ ಜೋಡಿಸುವುದು ಕಷ್ಟವಾಗಿದೆ. ಜೋಡಣೆಯಾಗದ ಖರೀದಿಗಳು ಎರಡೂ ಗುಂಪಿನಿಂದ ಕಾಣೆಯಾಗುತ್ತವೆ. ಶೇಕಡಾವಾರು ಏರಿಕೆ ಹೆಚ್ಚುಕಡಿಮೆ ಸರಿಯಿರಬಹುದು, ಹೆಚ್ಚುವರಿ ಆರ್ಡರುಗಳ ಸಂಖ್ಯೆ ಮಾತ್ರ ಕಡಿಮೆ ಬರುತ್ತದೆ. ಪರೀಕ್ಷೆಯ ವರದಿಯಲ್ಲಿರುವ ಒಟ್ಟು ಖರೀದಿಯನ್ನು ನಿಮ್ಮ ಲೆಕ್ಕದ ಪುಸ್ತಕದ ಜೊತೆ ಪಕ್ಕಪಕ್ಕ ಇಟ್ಟರೆ ಎಷ್ಟು ಕಾಣೆಯಾಗಿದೆ ಎಂಬ ಅಂದಾಜು ಸಿಗುತ್ತದೆ. ಜೊತೆಗೆ, ಅಳೆಯುವವರೂ ಮಾರುವವರೂ ಒಬ್ಬರೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು, ಅನುಮಾನವನ್ನೇ ಕಸುಬು ಮಾಡಿಕೊಳ್ಳಬೇಕಿಲ್ಲ. ಫೇಸ್‌ಬುಕ್‌ನ ಇಂಥ 15 ಪ್ರಯೋಗಗಳನ್ನು ಬಳಸಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಹೋಲ್ಡೌಟ್ ಇಲ್ಲದೆ ಅಂಕಿಅಂಶದ ಚಮತ್ಕಾರದಿಂದ ಪರಿಣಾಮ ತೆಗೆಯುವ ವಿಧಾನಗಳು ಎಷ್ಟೋ ಸಲ ದೊಡ್ಡ ಅಂತರದಲ್ಲಿ ತಪ್ಪುತ್ತವೆ ಎಂದು ತೋರಿಸಿತು. ಅಲ್ಲಿ ತಪ್ಪನ್ನು ಹಿಡಿದುಕೊಟ್ಟದ್ದು ಜಾಲತಾಣದ್ದೇ ಹೋಲ್ಡೌಟ್.

ಪ್ರದೇಶಗಳನ್ನು ವಿಂಗಡಿಸುವುದು

ನಿಮ್ಮ ಮಾರಾಟ ಅಂಗಡಿಯಲ್ಲೂ ನಡೆಯುತ್ತದೆ, ಬೇರೆಯವರ ಮಾರುಕಟ್ಟೆ ಜಾಲತಾಣದಲ್ಲೂ ನಡೆಯುತ್ತದೆ, ಫೋನಿನಲ್ಲೂ ನಡೆಯುತ್ತದೆ ಎಂದಾದರೆ ಪಿಕ್ಸೆಲ್ಲಿಗೆ ಅದ್ಯಾವುದೂ ಕಾಣುವುದಿಲ್ಲ. ಆಗ ಉಳಿಯುವ ಸರಿಯಾದ ದಾರಿ ಇದು. ಬೇಕಾದದ್ದು ಪ್ರತಿ ಆರ್ಡರಿನ ವಿಳಾಸ ಮತ್ತು ದಿನಾಂಕ ಮಾತ್ರ. ವ್ಯಕ್ತಿಯ ಗುರುತೇ ಬೇಡವಾದ್ದರಿಂದ ಖಾಸಗಿತನದ ನಿಯಮಗಳ ತೊಡಕೂ ಇಲ್ಲ, ಜಾಲತಾಣದ ಮಾತನ್ನು ನಂಬಬೇಕಾದ ಅಗತ್ಯವೂ ಇಲ್ಲ.

ಕೆಲಸ ಶುರುವಾಗುವುದು ಹಿಂದಿನ ಒಂದು ವರ್ಷದ ಆರ್ಡರುಗಳನ್ನು ಪ್ರದೇಶ ಮತ್ತು ವಾರದ ಪ್ರಕಾರ ಜೋಡಿಸುವುದರಿಂದ. ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಪ್ರದೇಶಗಳಿದ್ದರೆ ಒಳ್ಳೆಯದು. ಪ್ರದೇಶದ ಗಡಿ ಜನ ಓಡಾಡುವ ವ್ಯಾಪ್ತಿಯನ್ನು ಒಳಗೊಂಡಿರಬೇಕು. ಒಂದು ನಗರವನ್ನೂ ಅದರ ಹೊರವಲಯವನ್ನೂ ಎರಡು ಪ್ರದೇಶ ಮಾಡಿದರೆ, ಬೆಳಿಗ್ಗೆ ಒಂದು ಕಡೆ ಜಾಹೀರಾತು ನೋಡಿದವರು ಸಂಜೆ ಇನ್ನೊಂದು ಕಡೆಯ ವಿಳಾಸಕ್ಕೆ ತರಿಸಿಕೊಳ್ಳುತ್ತಾರೆ. ಆಮೇಲೆ ಮಾರಾಟದ ಗಾತ್ರ ಮತ್ತು ಏರಿಳಿತದ ರೀತಿ ಹೋಲುವ ಪ್ರದೇಶಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನಿಂದ ನಿಲ್ಲಿಸಬೇಕಾದದ್ದನ್ನು ಚೀಟಿ ಎತ್ತಿ ಆರಿಸಿ. ಒಂದೇ ನಗರ ಒಟ್ಟು ಮಾರಾಟದ ಮೂರನೆಯ ಒಂದು ಪಾಲಿದ್ದರೆ ಅದಕ್ಕೆ ಜೋಡಿ ಸಿಗುವುದಿಲ್ಲ. ಅದನ್ನು ಪರೀಕ್ಷೆಯಿಂದ ಹೊರಗಿಟ್ಟು, ಉತ್ತರ ಆ ನಗರಕ್ಕೆ ಅನ್ವಯಿಸದು ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

ನಿಲ್ಲಿಸುವ ಮೊದಲು ಮಾಡಲೇಬೇಕಾದ ಒಂದು ಕೆಲಸ ಇದೆ: ಹುಸಿ ಪರೀಕ್ಷೆ. ಹೋಲಿಕೆಯ ಪ್ರದೇಶಗಳ ಮಾರಾಟದಿಂದ ನಿಲ್ಲಿಸಲಿರುವ ಪ್ರದೇಶಗಳ ಮಾರಾಟವನ್ನು ಊಹಿಸುವ ಸರಳ ಅನುಪಾತ ಕಟ್ಟಿ, ಏನೂ ನಿಲ್ಲಿಸದ ಹಳೆಯ ನಾಲ್ಕು ವಾರಗಳ ಮೇಲೆ ಅದನ್ನು ಓಡಿಸಿ ನೋಡಿ. ಹೀಗೆ ಹತ್ತು ಹನ್ನೆರಡು ಸಲ ಬೇರೆ ಬೇರೆ ಕಾಲಕ್ಕೆ ಮಾಡಿ. ಊಹೆ ನಿಜದಿಂದ ಎಷ್ಟು ತಪ್ಪುತ್ತದೆಯೋ ಅದೇ ನಿಮ್ಮ ಪರೀಕ್ಷೆಯ ಅನಿಶ್ಚಿತತೆ. ಇದನ್ನೆಲ್ಲ ಮಾಡಿಕೊಡುವ ತೆರೆದ ಸಾಫ್ಟ್‌ವೇರುಗಳಿವೆ: ಮೆಟಾದ GeoLift, ಗೂಗಲ್‌ನ CausalImpact, ಎರಡೂ R ಭಾಷೆಯಲ್ಲಿ. ಆದರೆ ಸ್ಪ್ರೆಡ್‌ಶೀಟಿನಲ್ಲಿ ಕೈಯಾರೆ ಒಮ್ಮೆ ಮಾಡಿದವರಿಗೆ ಅವುಗಳ ಉತ್ತರವನ್ನು ಓದುವುದು ಸುಲಭ.

ನಮ್ಮ ಮಾರಾಟಗಾರರು ಒಟ್ಟು ಮಾರಾಟದ ಶೇ 30 ಬರುವ ಪ್ರದೇಶಗಳಲ್ಲಿ ನಾಲ್ಕು ವಾರ ನಿಲ್ಲಿಸಿದರು. ಜಾಹೀರಾತು ಇದ್ದಿದ್ದರೆ ಅಲ್ಲಿ 840 ಆರ್ಡರ್ ಬರಬೇಕಿತ್ತು ಎಂದು ಹೋಲಿಕೆಯ ಪ್ರದೇಶಗಳು ಹೇಳುತ್ತವೆ. ಬಂದದ್ದು 735. ಇಳಿಕೆ 105, ಅಂದರೆ ಶೇ 12.5. ಹುಸಿ ಪರೀಕ್ಷೆಗಳಲ್ಲಿ ತಪ್ಪಿನ ಮಾನಕ ವಿಚಲನೆ ಶೇ 4.5 ಇತ್ತು ಎಂದರೆ, ಅತ್ತಿತ್ತ ಸುಮಾರು ಶೇ 9. ಪೂರ್ತಿ ಮಾರಾಟಕ್ಕೆ ಹಿಗ್ಗಿಸಿದರೆ ನಾಲ್ಕು ವಾರಕ್ಕೆ 350 ಹೆಚ್ಚುವರಿ ಆರ್ಡರ್, ಅತ್ತಿತ್ತ 250. ಶೇ 10ರ ಜನರ ಹೋಲ್ಡೌಟಿಗೆ ಸರಿಸುಮಾರು ಸಮ. ಎಂಟು ವಾರ ನಡೆಸಿದರೆ ಅಂತರ ನಾಲ್ಕು ವಾರದ ಲೆಕ್ಕದಲ್ಲಿ ಸುಮಾರು 180ಕ್ಕೆ ಇಳಿದೀತು, ಅಷ್ಟು ಕಾಲ ಪ್ರದೇಶಗಳ ನಡುವಿನ ಅನುಪಾತ ಕದಲದಿದ್ದರೆ.

ಕೆಡುವುದು ಹೆಚ್ಚಾಗಿ ಎರಡು ಕಡೆಯಿಂದ. ನಿಲ್ಲಿಸಿದ ಪ್ರದೇಶಗಳ ಹಣವನ್ನು ಸ್ವಯಂಚಾಲಿತ ಬಜೆಟ್ ಉಳಿದ ಪ್ರದೇಶಗಳಿಗೆ ಹರಿಸಿಬಿಟ್ಟರೆ, ಒಂದು ಕಡೆ ಇಳಿಕೆ ಇನ್ನೊಂದು ಕಡೆ ಏರಿಕೆ ಸೇರಿ ಪರಿಣಾಮ ಎರಡು ಸಲ ಎಣಿಕೆಯಾಗುತ್ತದೆ. ಪ್ರತಿ ದಿನ ಪ್ರದೇಶವಾರು ಖರ್ಚಿನ ವರದಿ ತೆಗೆದು, ನಿಲ್ಲಿಸಿದ ಕಡೆ ಸೊನ್ನೆ ಇದೆಯೇ, ಉಳಿದ ಕಡೆ ಮೊದಲಿನಷ್ಟೇ ಇದೆಯೇ ಎಂದು ನೋಡಿ. ಎರಡನೆಯದು ಬೇರೆ ವಾಹಿನಿಗಳು. ಸಾಮಾಜಿಕ ಜಾಲತಾಣದಲ್ಲಿ ನಿಲ್ಲಿಸಿದ ಪ್ರದೇಶದಲ್ಲೇ ಹುಡುಕಾಟದ ಜಾಹೀರಾತಿನ ಖರ್ಚು ತಾನಾಗಿ ಏರಿದರೆ, ಅದು ಇಳಿಕೆಯನ್ನು ಮುಚ್ಚಿಹಾಕುತ್ತದೆ. ದಾಸ್ತಾನು ಮುಗಿಯುವುದು, ಒಂದೇ ಪ್ರದೇಶದಲ್ಲಿ ಸಾಗಣೆ ತಡವಾಗುವುದು ಕೂಡ ಲೆಕ್ಕ ಕೆಡಿಸುತ್ತವೆ, ಆದರೆ ಅವು ಕಣ್ಣಿಗೆ ಬೀಳುತ್ತವೆ.

ಹಾಗಾದರೆ ಯಾವುದು?

ಮಾರಾಟದ ಬಹುಪಾಲು ನಿಮ್ಮ ಸ್ವಂತ ತಾಣದಲ್ಲೇ ನಡೆಯುತ್ತಿದ್ದು, ಜಾಲತಾಣ ಲಿಫ್ಟ್ ಪರೀಕ್ಷೆಗೆ ಅವಕಾಶ ಕೊಡುತ್ತಿದ್ದರೆ, ಶೇ 30ರ ಜನರ ಹೋಲ್ಡೌಟಿನಿಂದ ಶುರುಮಾಡಿ. ನಿಖರತೆಯಲ್ಲಿ ಉಳಿದೆರಡೂ ಅದರ ಹತ್ತಿರ ಬರುವುದಿಲ್ಲ. ಹಳೆಯ ಗ್ರಾಹಕರಿಗೆ ತೋರಿಸುವ ಜಾಹೀರಾತಾದರೆ ನಿಮ್ಮದೇ ಪಟ್ಟಿಯ ವಿಂಗಡಣೆ ಅದಕ್ಕಿಂತಲೂ ಮೇಲು, ಯಾಕೆಂದರೆ ಖರೀದಿಯನ್ನು ಎಣಿಸುವುದು ನಿಮ್ಮದೇ ಪುಸ್ತಕದಿಂದ. ಡ್ಯಾಶ್‌ಬೋರ್ಡ್ ಅತಿ ಹೆಚ್ಚು ಉಬ್ಬಿಸಿ ಹೇಳುವುದೂ ರಿಟಾರ್ಗೆಟಿಂಗ್ ವಿಷಯದಲ್ಲೇ ಆದ್ದರಿಂದ, ಒಂದೇ ಪರೀಕ್ಷೆಗೆ ಸಮಯವಿದ್ದರೆ ಅದನ್ನೇ ಮೊದಲು ಮಾಡಿ.

ಮಾರಾಟ ಹಲವು ಕಡೆ ಚದುರಿದ್ದರೆ, ಅಥವಾ ಎರಡು ಮೂರು ಜಾಲತಾಣಗಳ ಒಟ್ಟು ಪರಿಣಾಮ ಬೇಕಿದ್ದರೆ, ಪ್ರದೇಶಗಳ ಪರೀಕ್ಷೆ. ಒಂದು ಜಾಲತಾಣದ ಹೋಲ್ಡೌಟಿನಲ್ಲಿದ್ದವರು ಇನ್ನೊಂದರಲ್ಲಿ ನಿಮ್ಮ ಜಾಹೀರಾತು ನೋಡುತ್ತಲೇ ಇರುತ್ತಾರೆ, ಪ್ರದೇಶವನ್ನಾದರೆ ಎಲ್ಲ ಕಡೆಯಿಂದಲೂ ಮುಚ್ಚಬಹುದು. ಪೂರ್ತಿ ನಿಲುಗಡೆಯನ್ನು ಜಾಹೀರಾತೇ ಅರ್ಧ ಮಾರಾಟ ತರುತ್ತದೆ ಎಂಬ ನಂಬಿಕೆ ಇರುವ ಕಡೆ, ವಾರದ ಏರಿಳಿತ ಸಣ್ಣದಿರುವ ಕಡೆ, ಒಂದೇ ಪ್ರದೇಶದಲ್ಲಿ ಮಾರುವ ಕಡೆ ಮಾತ್ರ ಬಳಸಿ. ವಾರಕ್ಕೆ ನಲವತ್ತೈವತ್ತು ಆರ್ಡರ್ ಬರುವ ಸಣ್ಣ ವ್ಯಾಪಾರಕ್ಕೆ ಹೆಚ್ಚಾಗಿ ಇದೊಂದೇ ಸಾಧ್ಯ, ಆಗ ಒರಟು ಉತ್ತರಕ್ಕೆ ತೃಪ್ತಿಪಡಬೇಕು.

ಯಾವುದನ್ನೇ ಆರಿಸಿದರೂ, ಶುರುವಿಗೆ ಮುನ್ನ ತೀರ್ಮಾನದ ನಿಯಮವನ್ನು ಕಾಗದದ ಮೇಲೆ ಬರೆದಿಡಿ: ಎಷ್ಟು ವಾರ, ಯಾವ ಎಣಿಕೆ, ಯಾವ ಉತ್ತರ ಬಂದರೆ ಏನು ಮಾಡುವುದು. ನಡುವೆ ಇಣುಕಿ, ಅಂಕಿ ಚೆನ್ನಾಗಿ ಕಂಡ ದಿನವೇ ನಿಲ್ಲಿಸಿದರೆ ಅದೃಷ್ಟವನ್ನು ಪರಿಣಾಮವೆಂದು ಬರೆದುಕೊಂಡಂತೆ. ನಮ್ಮ ಮಾರಾಟಗಾರರ ಉದಾಹರಣೆಯಲ್ಲಿ ಶೇ 30ರ ಹೋಲ್ಡೌಟ್ ಕೊಟ್ಟ ಉತ್ತರ 203ರಿಂದ 517. ಎಂಟು ವಾರ ನಡೆಸಿದರೂ ನಾಲ್ಕು ವಾರದ ಲೆಕ್ಕದಲ್ಲಿ 249ರಿಂದ 471. ಎರಡರಲ್ಲೂ 336 ಒಳಗೇ ಇದೆ. ನಿಜವಾದ ಪರಿಣಾಮ ಗೆರೆಯ ಪಕ್ಕದಲ್ಲೇ ಇದ್ದಾಗ ಯಾವ ಪರೀಕ್ಷೆಯೂ ಖಚಿತವಾಗಿ ತೀರ್ಪು ಕೊಡದು. ಅಂಥ ಕಡೆ ಬಜೆಟ್ ಏರಿಸದೆ, ಪೂರ್ತಿ ಕಡಿಯದೆ, ಕಾಲುಭಾಗ ಇಳಿಸುವುದು ವಿವೇಕ. ಕೊನೆಯಲ್ಲಿ ಹಾಕಿದ ಹಣ ಸಾಮಾನ್ಯವಾಗಿ ಮೊದಲಲ್ಲಿ ಹಾಕಿದ್ದಕ್ಕಿಂತ ಕಡಿಮೆ ತರುತ್ತದೆ, ಈ ಪರೀಕ್ಷೆಗಳು ತೋರಿಸುವುದಾದರೋ ಒಟ್ಟು ಹಣದ ಸರಾಸರಿ ಫಲವನ್ನು.

ಸಿಕ್ಕ ಉತ್ತರವನ್ನು ದಿನನಿತ್ಯ ಬಳಸುವುದು ಹೀಗೆ: 360ನ್ನು ಡ್ಯಾಶ್‌ಬೋರ್ಡಿನ 840ರಿಂದ ಭಾಗಿಸಿದರೆ 0.43. ಮುಂದಿನ ತಿಂಗಳುಗಳಲ್ಲಿ ಡ್ಯಾಶ್‌ಬೋರ್ಡ್ ಹೇಳುವ ಪ್ರತಿ ನೂರು ಆರ್ಡರನ್ನು ನಲವತ್ತಮೂರೆಂದು ಓದಿ. ಬಜೆಟ್ ಗಣನೀಯವಾಗಿ ಬದಲಾದಾಗ, ಹೊಸಬರಿಗೂ ಹಳಬರಿಗೂ ತೋರಿಸುವ ಪಾಲು ಬದಲಾದಾಗ, ಅಥವಾ ಡ್ಯಾಶ್‌ಬೋರ್ಡ್ ಎಣಿಸುವ ದಿನಗಳ ಮಿತಿಯನ್ನು ಬದಲಿಸಿದಾಗ ಆ 0.43 ಹಳಸಿತು, ಪರೀಕ್ಷೆಯನ್ನು ಮತ್ತೆ ನಡೆಸಬೇಕು. ವರ್ಷದ ಮುಖ್ಯ ಮಾರಾಟದ ಕಾಲದಲ್ಲಿ ಅಳೆದ ಅಂಕಿಯನ್ನು ಮಾಮೂಲಿ ತಿಂಗಳಿಗೆ ಬಳಸಬೇಡಿ. ಆಗ ಜಾಹೀರಾತಿಲ್ಲದೆಯೂ ಕೊಳ್ಳುವವರೇ ಹೆಚ್ಚಿರುತ್ತಾರೆ, ಮಾಮೂಲಿ ತಿಂಗಳಲ್ಲಿ ಆ ಅನುಪಾತ ಬೇರೆ.